ಅಪ್ಪ ಹೋದ ಮೇಲೆ ಊರಿಗೆ ಧನ್ಯವಾದ ಬರೆದದ್ದು

ಅಪ್ಪನ ತಿಥಿ ಮುಗಿದು ಎರಡು ದಿನ ಆಗಿತ್ತು. ಶಾಮಿಯಾನದವರು ಎಲ್ಲ ಬಿಚ್ಚಿಕೊಂಡು ಹೋಗಿದ್ದರು, ಅಂಗಳದಲ್ಲಿ ಗೂಟ ನೆಟ್ಟಿದ್ದ ತೂತುಗಳು ಮಾತ್ರ ಉಳಿದಿದ್ದವು. ಅಡುಗೆಮನೆ ಮೂಲೆಯಲ್ಲಿ ನಮ್ಮದಲ್ಲದ ಹದಿನಾಲ್ಕು ಪಾತ್ರೆಗಳು ತೊಳೆದು ಬೋರಲು ಹಾಕಿದ್ದವು. ತಮ್ಮ ಫೋನ್ ಹಿಡಿದುಕೊಂಡು ಬಂದು, "ಅಕ್ಕ, ಎಲ್ಲರಿಗೂ ಒಂದು ಥ್ಯಾಂಕ್ಸ್ ಹಾಕಬೇಕಲ್ವಾ, ಚಿಕ್ಕಪ್ಪನ ಮಗ ಬರೆದುಕೊಟ್ಟಿದ್ದಾನೆ, ನೋಡು" ಅಂದ.

ಅದು ಹೀಗಿತ್ತು: "ನಮ್ಮ ತೀರ್ಥರೂಪರು ದೈವಾಧೀನರಾದ ಸಂದರ್ಭದಲ್ಲಿ ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸಮಸ್ತ ಬಂಧುಮಿತ್ರರಿಗೂ ಗ್ರಾಮಸ್ಥರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂತಿ, ದುಃಖತಪ್ತ ಕುಟುಂಬ ವರ್ಗ."

ಇದರಲ್ಲಿ ತಪ್ಪೇನಿಲ್ಲ, ಪೇಪರಿನಲ್ಲಿ ಹೀಗೇ ಬರುತ್ತದೆ. ಅಮ್ಮನಿಗೆ ಓದಿ ಹೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ಯಾರ ಮನೇದು?" ಅಂತ ಕೇಳಿದಳು. ನಮ್ಮದೇ ಅಮ್ಮ ಅಂದ ತಮ್ಮ. "ನಮ್ಮದಾ? ನಮ್ಮ ಮನೆಗೆ ಪರೋಕ್ಷವಾಗಿ ಯಾರು ಬಂದಿದ್ರು?"

ಹೀಗೆ ಶುರುವಾದದ್ದು. ಐದು ಸಾಲಿನ ಕೆಲಸ ಅಂದುಕೊಂಡಿದ್ದೆ, ಆರು ದಿನ ಹಿಡಿಯಿತು. ಅದರಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದೆವು. ನಾವು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆದಿಡುತ್ತಿದ್ದೇನೆ.

ನಮ್ಮೂರು ತಿಪಟೂರಿನಿಂದ ಒಂಬತ್ತು ಕಿಲೋಮೀಟರ್. ತೆಂಗಿನ ಸೀಮೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು, ಆಮೇಲೆ ತೋಟ ನೋಡಿಕೊಂಡಿದ್ದರು. ಏಪ್ರಿಲ್ ಮೊದಲ ವಾರದಲ್ಲಿ ಒಂದು ರಾತ್ರಿ ಉಸಿರು ಕಟ್ಟಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋದರು. ನಾನು ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ, ಊರಲ್ಲಿದ್ದದ್ದು ತಮ್ಮ ಒಬ್ಬನೇ.

ಮೊದಲು ಒಂದು ಮಾತು. ನಮ್ಮ ಕಡೆ ಸಾವಿನ ಮನೆಯಲ್ಲಿ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಬಂದವರು "ಹೋಗಿ ಬರ್ತೀವಿ" ಅಂತಲೂ ಹೇಳುವುದಿಲ್ಲ, ಸುಮ್ನೆ ಎದ್ದು ಹೋಗುತ್ತಾರೆ. ಮನೆಯವರೂ "ಬನ್ನಿ" ಅನ್ನುವುದಿಲ್ಲ. ರಾತ್ರಿಯಿಡೀ ಹೆಣದ ಮುಂದೆ ಕೂತಿದ್ದ ದೊಡ್ಡಪ್ಪನಿಗೆ ನಾನು ಬೆಂಗಳೂರು ಅಭ್ಯಾಸದಲ್ಲಿ "ಥ್ಯಾಂಕ್ಸ್ ದೊಡ್ಡಪ್ಪ" ಅಂದುಬಿಟ್ಟೆ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. "ನಾನೇನು ಹೊರಗಿನೋನಾ?" ಅಂದರು. ಹಾಗಾಗಿ ಧನ್ಯವಾದ ಹೇಳುವುದು ಅಂದರೆ ಇಲ್ಲಿ ಒಂಥರಾ ಕಷ್ಟ. ಹೇಳದಿದ್ದರೆ ಮರೆತರು ಅಂತಾರೆ, ಹೇಳಿದರೆ ದೂರ ಇಟ್ಟರು ಅಂತಾರೆ. ಇದರ ನಡುವೆ ಒಂದು ದಾರಿ ಹುಡುಕಬೇಕಿತ್ತು.

ಆ ದಾರಿ ಸಿಕ್ಕಿದ್ದು ಚಿಕ್ಕಮ್ಮನ ನೋಟ್‌ಬುಕ್ಕಿನಿಂದ. ಚಿಕ್ಕಮ್ಮ ಟೀಚರ್. ಅಪ್ಪ ಹೋದ ಮಾರನೇ ಬೆಳಗ್ಗೆಯೇ ಇನ್ನೂರು ಪೇಜಿನ ಒಂದು ನೋಟ್‌ಬುಕ್ ತಂದು, ಮದುವೆ ಮನೆಯಲ್ಲಿ ಮುಯ್ಯಿ ಬರೆಯುತ್ತಾರಲ್ಲ, ಹಾಗೆ ಬರೆಯಲು ಕೂತಿದ್ದಳು. ಆಗ ನನಗೆ ಸಿಟ್ಟು ಬಂದಿತ್ತು, ಇಂಥ ಹೊತ್ತಲ್ಲಿ ಲೆಕ್ಕ ಏನು ಅಂತ. ಅವಳು ಬರೆಯುತ್ತಿದ್ದದ್ದು ದುಡ್ಡಿನ ಲೆಕ್ಕಕ್ಕೇ. ಹೂವಿನವನಿಗೆ ಯಾರು ಕೊಟ್ಟರು, ಬಿದಿರು ತಂದವರು ಯಾರು, ಐಸ್ ಪೆಟ್ಟಿಗೆಯ ಬಾಡಿಗೆ ಯಾರ ಕೈಯಿಂದ ಹೋಯಿತು, ಇದೆಲ್ಲ. ಆದರೆ ಅವಳ ಅಭ್ಯಾಸದಂತೆ ಪಕ್ಕದಲ್ಲಿ ಗಂಟೆಯನ್ನೂ ಹಾಕಿದ್ದಳು. "ಬೆಳಗ್ಗೆ 6, ಎದುರು ಮನೆ, ಕಾಫಿ ಒಂದು ಫ್ಲಾಸ್ಕ್." "8.30, ಡೈರಿಯವರು, ಹಾಲು ಐದು ಲೀಟರ್, ದುಡ್ಡು ಬೇಡ ಅಂದರು." "ಮಧ್ಯಾಹ್ನ 4, ಕರೆಂಟ್ ಹೋಯ್ತು, ಶಾಮಿಯಾನದವನು ಜನರೇಟರ್ ತಂದ."

ತಿಥಿಯಾದ ಮೇಲೆ ಆ ಪುಸ್ತಕ ತೆಗೆದು ಓದಿದಾಗ ಗೊತ್ತಾಯಿತು, ನನಗೆ ಆ ಮೂರು ದಿನದ ಅರ್ಧ ಏನೂ ನೆನಪಿಲ್ಲ ಅಂತ. ಮನೆಯವರು ಯಾರಿಗೂ ನೆನಪಿರುವುದಿಲ್ಲ. ಯಾರೋ ಕೈಗೆ ಲೋಟ ಕೊಟ್ಟರು, ಕುಡಿದೆ, ಯಾರು ಅಂತ ನೋಡಿರಲಿಲ್ಲ. ಅದಕ್ಕೇ ಈ ಬರೆಯುವ ಕೆಲಸ ಮನೆಯ ಮಕ್ಕಳು ಮಾಡುವುದಲ್ಲ, ಒಂದು ಸುತ್ತು ಆಚೆ ಇರುವವರು ಮಾಡಬೇಕು. ಚಿಕ್ಕಮ್ಮ, ಅತ್ತಿಗೆ, ಸೋದರಮಾವ, ಹೀಗೆ. ಅಳು ಬಂದರೂ ಅವರ ಕಣ್ಣು ತೆರೆದಿರುತ್ತದೆ.

ಬರೆಯುವ ಮೊದಲು ದುಡ್ಡಿನದ್ದು ಮುಗಿಸಬೇಕು ಅಂತ ಚಿಕ್ಕಮ್ಮ ಪಟ್ಟು ಹಿಡಿದಳು. ಅವಳ ಮಾತು ಸರಿ. ಬಾಡಿಗೆ ಬಾಕಿ ಇಟ್ಟುಕೊಂಡು "ನಿಮ್ಮ ಉಪಕಾರ ಮರೆಯಲ್ಲ" ಅಂತ ಬರೆದರೆ, ಓದಿದವನು ನಗುತ್ತಾನೆ. ಪುಸ್ತಕ ಇಟ್ಟುಕೊಂಡು ಕೂತೆವು. ಕೂಲಿ, ಬಾಡಿಗೆ, ಅಂಗಡಿ ಸಾಮಾನು ಇವು ಸುಲಭ, ಎರಡು ದಿನದಲ್ಲಿ ಕೊಟ್ಟು ಮುಗಿಸಿದೆವು. ಯಾರೋ ಜೇಬಿನಿಂದ ಹಾಕಿದ ದುಡ್ಡು ಕಷ್ಟದ್ದು. ರಾತ್ರಿ ಒಂದೂವರೆಗೆ ಕಾರು ತೆಗೆದವರು ಹಿಂದಿನ ಬೀದಿಯವರು, ತಮ್ಮನಿಗಿಂತ ನಾಲ್ಕು ವರ್ಷ ದೊಡ್ಡವರು. ಹೋಗುವಾಗ ಆಸ್ಪತ್ರೆಗೆ, ಬರುವಾಗ ಆಂಬುಲೆನ್ಸ್ ಹಿಂದೆ. ಅಲ್ಲಿ ಕಟ್ಟಿದ ದುಡ್ಡನ್ನೂ ಅವರೇ ಕೊಟ್ಟಿದ್ದರು. ತಮ್ಮ ಕವರಿನಲ್ಲಿ ಹಾಕಿಕೊಂಡು ಹೋದ. ಆಸ್ಪತ್ರೆಯದ್ದನ್ನು ಎಣಿಸಿ ತೆಗೆದುಕೊಂಡರು, ಪೆಟ್ರೋಲಿನದ್ದನ್ನು ವಾಪಸ್ ಕವರಿಗೇ ಹಾಕಿದರು. "ನಾಳೆ ನಮ್ಮ ಮನೇಲಿ ಆದಾಗ ನೀನು ಬಾ" ಅಂದರಂತೆ. ಅದರ ಮೇಲೆ ಬಲವಂತ ಮಾಡಬಾರದು.

ಇನ್ನೊಬ್ಬರು ಚಿಕ್ಕಮ್ಮನ ಕೈಗೆ ಒಂದಷ್ಟು ದುಡ್ಡು ಕೊಟ್ಟು, "ಇದನ್ನ ಪುಸ್ತಕದಲ್ಲಿ ಬರೀಬೇಡಿ" ಅಂದಿದ್ದರು. ಚಿಕ್ಕಮ್ಮ ಮೊತ್ತ ಬರೆದು, ಹೆಸರಿನ ಜಾಗದಲ್ಲಿ ಗೆರೆ ಎಳೆದಿದ್ದಳು. ಅದನ್ನು ಅಮ್ಮ ಮಾತ್ರ ಕೇಳಿ ತಿಳಿದುಕೊಂಡಳು, ನಮಗೆ ಹೇಳಲಿಲ್ಲ. ಅವರಿಗೆ ಹೇಳುವುದನ್ನು ಅವಳೇ ಹೇಳಿದ್ದಾಳೆ. ಸಾಲ, ಸಹಾಯ, ಮೊತ್ತ ಇವು ಯಾವುದೂ ಎಲ್ಲರ ಮುಂದೆ ಹಾಕುವ ಪೋಸ್ಟಿನಲ್ಲಿ ಬರಬಾರದು ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು. ಒಬ್ಬರು ಹತ್ತು ಸಾವಿರ ಕೊಟ್ಟಿದ್ದನ್ನು ಹಾಕಿದರೆ, ಐನೂರು ಕೊಟ್ಟವರು ಎಲ್ಲಿ ಮುಖ ಇಟ್ಟುಕೊಳ್ಳಬೇಕು?

ಆಮೇಲೆ ಬಂದದ್ದು ಸಾಲಿನ ಜಗಳ. ಮೊದಲು ಯಾರ ಹೆಸರು? ದಾಯಾದಿಗಳು ಮೊದಲಾ, ಅಮ್ಮನ ತವರಿನವರು ಮೊದಲಾ? ಪಂಚಾಯ್ತಿ ಮೆಂಬರ್ ಬಂದಿದ್ದರು, ಅವರನ್ನು ಕೊನೆಗೆ ಹಾಕಿದರೆ? ತಮ್ಮ ಒಂದು ಪಟ್ಟಿ ಮಾಡಿದ, ಐವತ್ತಮೂರು ಹೆಸರು ಬಂತು. ತಂಗಿ ಪುಣೆಯಿಂದ ಫೋನಿನಲ್ಲಿ ಇನ್ನೂ ಒಂಬತ್ತು ಸೇರಿಸಿದಳು. ಓದಿ ನೋಡಿದರೆ ವೋಟರ್ ಲಿಸ್ಟ್ ಇದ್ದಂತಿತ್ತು. ಅರವತ್ತೆರಡು ಹೆಸರು ಇರುವ ಪಟ್ಟಿಯಲ್ಲಿ ಪ್ರತಿಯೊಬ್ಬರೂ ಮಾಡುವುದು ಒಂದೇ ಕೆಲಸ, ತನ್ನ ಹೆಸರು ಹುಡುಕುವುದು. ಸಿಕ್ಕಿದರೆ ಅಷ್ಟಕ್ಕೇ ಮುಚ್ಚುತ್ತಾರೆ, ಸಿಗದಿದ್ದರೆ ಜೀವಮಾನ ಮರೆಯುವುದಿಲ್ಲ.

ಆಗ ಚಿಕ್ಕಮ್ಮನ ಪುಸ್ತಕವನ್ನೇ ಮತ್ತೆ ನೋಡಿದೆ. ಅಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಗಂಟೆ ಇದೆ ಅಷ್ಟೇ. ರಾತ್ರಿ ಒಂದೂವರೆಗೆ ಬಂದವರು ಮೊದಲು, ಹನ್ನೊಂದನೇ ದಿನ ಎಲೆ ಎತ್ತಿದವರು ಕೊನೆಗೆ. ಹೆಸರು ಬಿಟ್ಟು ಕೆಲಸ ಬರೆದರೆ? "ಕಾರು ತೆಗೆದವರು" ಅಂದರೆ ಯಾರು ಅಂತ ಊರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಗೊತ್ತಾಗಬೇಕಾಗಿಯೂ ಇಲ್ಲ. ಗಂಟೆಯ ಲೆಕ್ಕದಲ್ಲಿ ಬರೆದರೆ ನನ್ನನ್ನೇಕೆ ಕೆಳಗೆ ಹಾಕಿದೆ ಅಂತ ಯಾರೂ ಕೇಳುವ ಹಾಗಿಲ್ಲ. ಬಂದದ್ದೇ ಆಮೇಲೆ ಅಲ್ವಾ?

ಗುಂಡಿ ತೆಗೆದವರ ವಿಷಯದಲ್ಲಿ ಮಾತ್ರ ನಿಂತುಬಿಟ್ಟೆವು. ಅಪ್ಪನನ್ನು ಮಣ್ಣು ಮಾಡಿದ್ದು ನಮ್ಮ ತೋಟದಲ್ಲೇ. ಏಪ್ರಿಲ್ ತಿಂಗಳು, ಮಳೆ ಬಿದ್ದಿರಲಿಲ್ಲ, ನೆಲ ಕಲ್ಲಾಗಿತ್ತು. ಜೆಸಿಬಿ ತರೋಣ ಅಂದರೆ ಡ್ರಿಪ್ ಪೈಪು, ತೆಂಗಿನ ಬೇರು ಎಲ್ಲ ಹೋಗುತ್ತದೆ. ನಾಲ್ಕು ಜನ ಬೆಳಗ್ಗೆಯಿಂದ ಹಾರೆ ಹಿಡಿದು ಮೀಟಿದರು. ಎರಡು ಅಡಿ ಹೋದ ಮೇಲೆ ಗುದ್ದಲಿ ಇಳಿಯಲೇ ಇಲ್ಲ. ಎರಡು ಡ್ರಮ್ ನೀರು ಹೊಯ್ದು, ನೆನೆಯಲು ಬಿಟ್ಟು, ಮತ್ತೆ ಅಗೆದರು. ಕೂಲಿ ಕೊಟ್ಟಿದ್ದೆವು. ಆದರೆ ಅದು ಕೂಲಿಯಲ್ಲಿ ಮುಗಿಯುವ ಕೆಲಸ ಅಲ್ಲ. ಇದನ್ನು ಪೋಸ್ಟಿನಲ್ಲಿ ಹಾಕೋಣ ಅಂದೆ ನಾನು. ತಮ್ಮ ತಡೆದ. "ಊರಲ್ಲಿ ಈ ಕೆಲಸ ಯಾರ ತಲೆ ಮೇಲೆ ಹಾಕಿದ್ದಾರೆ ಅಂತ ನಿಂಗೆ ಗೊತ್ತು. ನಾವು ಬರೆದು ಮತ್ತೆ ಅದನ್ನೇ ಹೇಳಿದ ಹಾಗಾಗಲ್ವಾ?" ಅವನು ಹೇಳಿದ್ದು ನನ್ನ ತಲೆಗೆ ಬಂದಿರಲಿಲ್ಲ, ನಾಚಿಕೆಯಾಯಿತು.

ಅವರನ್ನೇ ಕೇಳಿದೆವು. ನಾಲ್ವರಲ್ಲಿ ಹಿರಿಯರು ಅಪ್ಪನ ಬಸ್ಸಿನಲ್ಲಿ ದಿನಾ ಮಾರ್ಕೆಟ್ಟಿಗೆ ಓಡಾಡಿದವರು. "ಬರೀರಿ, ಹೆಸರು ಬೇಡ. ನೀರು ಹೊಯ್ದು ಅಗೆದೋ ಅಂತ ಬರೀರಿ. ಆ ನೆಲ ಎಂಥದ್ದು ಅಂತ ಗೊತ್ತಾಗಲಿ" ಅಂದರು. ಹಾಗೇ ಬರೆದೆವು. ಇಂಥ ಕಡೆ ಊಹೆ ಮಾಡುವುದಕ್ಕಿಂತ ಹೋಗಿ ಕೇಳುವುದು ಮೇಲು. ಬೇಡ ಅಂದಿದ್ದರೆ ಬಿಡುತ್ತಿದ್ದೆವು.

ಹದಿನೇಳನೇ ದಿನ ಹಾಕಿದ ಪೋಸ್ಟ್ ಇದು. ಹಾಕಿದ ಹಾಗೇ ಇಡುತ್ತಿದ್ದೇನೆ, ತಪ್ಪಿನ ಸಮೇತ.

"ಅಪ್ಪನಿಗೆ ರಾತ್ರಿ ಒಂದೂವರೆಗೆ ಉಸಿರು ಕಟ್ಟಿದಾಗ ಒಂದೇ ಸಲಕ್ಕೆ ಫೋನ್ ಎತ್ತಿದಿರಿ, ಲುಂಗಿಯಲ್ಲೇ ಬಂದು ಕಾರು ತೆಗೆದಿರಿ. ದಾರಿಯಲ್ಲಿ ಅಪ್ಪನ ತಲೆ ನಿಮ್ಮ ಹೆಂಡತಿಯ ತೊಡೆ ಮೇಲಿತ್ತು. ಅಪ್ಪ ಮನೆಗೆ ವಾಪಸ್ ಬರುವಷ್ಟರಲ್ಲಿ ಅಂಗಳ ಗುಡಿಸಿ, ಬೆಂಚು ಹಾಕಿ, ಅಮ್ಮನ ಪಕ್ಕ ಕೂತಿದ್ದಿರಿ. ನಮ್ಮ ಮನೆಯಲ್ಲಿ ಒಲೆ ಹಚ್ಚದ ಹೊತ್ತಲ್ಲಿ ಎದುರು ಮನೆಯಿಂದ ಮೂರು ದಿನ ಕಾಫಿ, ಉಪ್ಪಿಟ್ಟು, ರಾತ್ರಿ ಕೂತವರಿಗೆ ಅನ್ನ ಸಾರು ಬಂತು. ಡೈರಿಯಿಂದ ಹಾಲು ಬಂತು. ಪುಣೆಯಿಂದ ಮಗಳು ಬರುವ ತನಕ ಅಪ್ಪನನ್ನು ಇಟ್ಟಿದ್ದ ಪೆಟ್ಟಿಗೆಗೆ ಕರೆಂಟ್ ಹೋದಾಗ ಕೇಳದೇ ಜನರೇಟರ್ ತಂದಿರಿ, ಡೀಸೆಲ್ ದುಡ್ಡು ಮಾತ್ರ ತಗೊಂಡಿರಿ. ಕಲ್ಲಿನಂಥ ನೆಲಕ್ಕೆ ಎರಡು ಡ್ರಮ್ ನೀರು ಹೊಯ್ದು ಅಪ್ಪನಿಗೆ ಜಾಗ ಮಾಡಿದಿರಿ. ಡಿಪೋದಿಂದ ಅಪ್ಪನ ಜೊತೆಯವರು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಹೆಗಲು ಕೊಟ್ಟಿರಿ. ಹಾಲು ತುಪ್ಪದ ದಿನ ಬಿಸಿಲಲ್ಲಿ ತೋಟದ ತನಕ ನಡೆದು ಬಂದಿರಿ. ಇಪ್ಪತ್ತೊಂದು ದಿನದ ಒಳಗೆ ಮರಣ ನೋಂದಣಿ ಮಾಡಿಸಬೇಕು ಅಂತ ನೆನಪಿಸಿ, ತಮ್ಮನನ್ನು ಬೈಕಿನಲ್ಲಿ ಕರೆದುಕೊಂಡು ಹೋದಿರಿ. ತಿಥಿಯ ದಿನ ಬಡಿಸಿದಿರಿ, ಎಲೆ ಎತ್ತಿದಿರಿ, ರಾತ್ರಿ ಹಂಡೆ ತೊಳೆದಿಟ್ಟು ಹೋದಿರಿ. ಅಮ್ಮ, ನಾವು ಮೂರು ಜನ ಮಕ್ಕಳು ಇದನ್ನೆಲ್ಲ ನೋಡಿದ್ದೇವೆ. ನಿಮ್ಮ ಮನೆಯ ಕೆಲಸಕ್ಕೆ ನಮ್ಮನ್ನು ಕರೆಯಿರಿ, ಕರೆಯದಿದ್ದರೂ ಬರುತ್ತೇವೆ. ಯಾರದ್ದಾದರೂ ಬಿಟ್ಟುಹೋಗಿದ್ದರೆ ಅದು ನಮ್ಮ ಕಣ್ಣಿನ ತಪ್ಪು."

ಗಮನಿಸಿದರೆ ಇದರಲ್ಲಿ 'ಧನ್ಯವಾದ' ಅನ್ನುವ ಪದ ಇಲ್ಲ. ಬೇಕು ಅಂತಲೇ ಬಿಟ್ಟಿದ್ದಲ್ಲ. ಕೊನೆಗೆ ಸೇರಿಸೋಣ ಅಂತ ಇದ್ದೆವು, ಅಮ್ಮನಿಗೆ ಓದಿದಾಗ "ಇನ್ನೇನು ಸೇರಿಸ್ತೀಯ, ಸಾಕು" ಅಂದಳು. ದೊಡ್ಡಪ್ಪನೂ ಓದಿಸಿ ಕೇಳಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಸರಿಯಿದೆ ಅಂತ ಅರ್ಥ.

ಹದಿನೇಳನೇ ದಿನವೇ ಯಾಕೆ ಅಂತ ತಂಗಿ ಗಂಡ ಕೇಳಿದರು. ಮೂರನೇ ದಿನವೇ ತಮ್ಮ ಒಂದು ಹಾಕಲು ಹೊರಟಿದ್ದ, ನಾನೇ ಬೇಡ ಅಂದಿದ್ದೆ. ಇನ್ನೂ ಕೆಲಸ ನಡೆಯುತ್ತಿರುವಾಗ ಹಾಕಿದರೆ, ಮುಗಿಯಿತು ಹೊರಡಿ ಅಂದ ಹಾಗೆ ಕೇಳುತ್ತದೆ. ಆಮೇಲೆ ಎಂಟು ದಿನ ಬಡಿಸುವವರು, ಓಡಾಡುವವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ತಿಂಗಳು ಕಳೆದು ಹಾಕಿದರೆ ಜನರಿಗೂ ಬೇರೆ ಕೆಲಸ ಬಂದಿರುತ್ತದೆ. ತಿಥಿ ಆಗಿ ಒಂದು ವಾರದೊಳಗೆ ಅನ್ನುವುದು ನಮಗೆ ಸರಿ ಕಂಡಿತು.

ಫೋಟೋ ಬಗ್ಗೆ ಜಾಸ್ತಿ ಹೇಳಲ್ಲ. ಹಾರ ಹಾಕಿದ್ದು ಬೇಡ ಅಂತ ಬಸ್ಸಿನ ಸ್ಟಿಯರಿಂಗ್ ಹಿಡಿದು ನಗುತ್ತಿದ್ದದ್ದನ್ನು ಹಾಕಿದೆವು. ಸಂಬಂಧದ ಹುಡುಗನೊಬ್ಬ ಮೊದಲ ದಿನವೇ ಅಪ್ಪನ ಮುಖದ ವಿಡಿಯೋ ಸ್ಟೇಟಸ್‌ಗೆ ಹಾಕಿದ್ದ, ಫೋನ್ ಮಾಡಿ ತೆಗೆಸಿದೆವು. ಇನ್ನೊಂದು, ಪೋಸ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಹುಟ್ಟಿದ ತಾರೀಕು, ತಮ್ಮನ ಫೋನ್ ನಂಬರ್ ಹಾಕಲಿಲ್ಲ. ತಿಥಿ ಕಾರ್ಡಿನ ಫೋಟೋವನ್ನು ಮಾತ್ರ ಯಾರೋ ಫೇಸ್‌ಬುಕ್ಕಿಗೆ ಹಾಕಿದ್ದರು, ಅದರಲ್ಲಿ ಎಲ್ಲ ಇತ್ತು. ನಾಲ್ಕೇ ದಿನಕ್ಕೆ ಅಮ್ಮನಿಗೆ ಒಂದು ಫೋನ್ ಬಂತು, "ನಿಮ್ಮ ಯಜಮಾನರ ಪಾಲಿಸಿ ಹಣ ಬಂದಿದೆ, ಒಟಿಪಿ ಹೇಳಿ" ಅಂತ. ಅಪ್ಪನ ಹೆಸರು, ಹೋದ ತಾರೀಕು ಎರಡನ್ನೂ ಸರಿಯಾಗಿ ಹೇಳಿದರಂತೆ. ಅಮ್ಮ "ಮಗ ಬರ್ತಾನೆ ಇರಪ್ಪ" ಅಂದಳು, ಆ ಕಡೆಯವನು ಇಟ್ಟುಬಿಟ್ಟ.

ಈಗ ತಪ್ಪಿಗೆ ಬರುತ್ತೇನೆ.

ಪೋಸ್ಟ್ ಹಾಕಿದ್ದು ಸಂಜೆ ಏಳಕ್ಕೆ, ಊರಿನ ವಾಟ್ಸ್ಆ್ಯಪ್ ಗ್ರೂಪು ಮತ್ತು ಸಂಬಂಧಿಕರ ಗ್ರೂಪು ಎರಡಕ್ಕೂ. ಒಂಬತ್ತು ಗಂಟೆಗೆ ಎದುರು ಮನೆ ಅಕ್ಕ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ಕಾಫಿ, ಉಪ್ಪಿಟ್ಟು ನಮ್ಮದೇ. ಆದರೆ ರಾತ್ರಿ ಅನ್ನ ಸಾರು ನಾವು ಕೊಟ್ಟಿಲ್ಲ ಕಣಮ್ಮ. ಮಾಡದೇ ಇದ್ದದ್ದನ್ನ ಮಾಡಿದೀವಿ ಅಂತ ಎಲ್ಲರೂ ಓದ್ತಿದಾರೆ, ನನಗೆ ಹ್ಯಾಗೋ ಆಗ್ತಿದೆ" ಅಂದರು.

ಆದದ್ದು ಇಷ್ಟು. ರಾತ್ರಿಯ ಹೊತ್ತು ಚಿಕ್ಕಮ್ಮ ಮಲಗಿದ್ದಳು, ಪುಸ್ತಕದಲ್ಲಿ ಹತ್ತು ಗಂಟೆಯ ಮೇಲೆ ಏನೂ ಇರಲಿಲ್ಲ. ಬೆಳಗ್ಗೆ ಎದ್ದು ನೋಡಿದಾಗ ಜಗಲಿಯಲ್ಲಿ ದೊಡ್ಡ ಅನ್ನದ ತಪ್ಪಲೆಯೂ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ರೂ ಇದ್ದವು. ಕ್ಯಾರಿಯರ್ ಮೇಲೆ ಎದುರು ಮನೆಯ ಅಜ್ಜಿಯ ಹೆಸರು ಕೆತ್ತಿತ್ತು, ಹಳೆಯ ಮದುವೆ ಪಾತ್ರೆಗಳ ಮೇಲೆ ಇರುತ್ತದಲ್ಲ ಹಾಗೆ. ಚಿಕ್ಕಮ್ಮ ಅದನ್ನು ನೋಡಿ "ರಾತ್ರಿ ಊಟ, ಎದುರು ಮನೆ" ಅಂತ ಬರೆದಳು. ನಾನು ಪುಸ್ತಕ ನೋಡಿ ಪೋಸ್ಟ್ ಬರೆದೆ. ಆದರೆ ಆ ಅಜ್ಜಿ ಹೋದ ಮೇಲೆ ಅವರ ಮನೆಯವರು ಹಳೆ ಪಾತ್ರೆ ಕೆಲವನ್ನು ಹಂಚಿದ್ದರು. ಈ ಕ್ಯಾರಿಯರ್ ಸಿಕ್ಕಿದ್ದು ಹಿಟ್ಟಿನ ಗಿರಣಿ ಹಿಂದಿನ ಬಾಡಿಗೆ ಮನೆಯ ಹೆಂಗಸಿಗೆ. ಅವರು ಈ ಊರಿನವರಲ್ಲ, ಮೂರು ವರ್ಷದ ಹಿಂದೆ ರಾಯಚೂರು ಕಡೆಯಿಂದ ಬಂದವರು, ಗಂಡ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಮೂರು ರಾತ್ರಿಯೂ ಅಡುಗೆ ಮಾಡಿ, ಹನ್ನೊಂದರ ಹೊತ್ತಿಗೆ ತಂದಿಟ್ಟು, ಯಾರಿಗೂ ಹೇಳದೇ ಹೋಗಿದ್ದರು. ಊರಿನ ಗ್ರೂಪಿನಲ್ಲೂ ಅವರ ನಂಬರ್ ಇಲ್ಲ. ಅಂದರೆ ಅವರ ಕೆಲಸವನ್ನು ನಾವು ಬೇರೆಯವರ ಹೆಸರಿಗೆ ಹಾಕಿದ್ದೆವು, ಅವರು ಓದಲೂ ಆಗದ ಜಾಗದಲ್ಲಿ.

ತಮ್ಮ ತಕ್ಷಣ ಫೋನ್ ತೆಗೆದ, ತಿದ್ದೋಣ ಅಂತ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹದಿನೈದು ನಿಮಿಷದೊಳಗೆ ಮಾತ್ರ ತಿದ್ದಲು ಬರುತ್ತದೆ, ಎರಡು ಗಂಟೆ ಕಳೆದಿತ್ತು. ಅಳಿಸಿ ಹೊಸದು ಹಾಕಬಹುದಿತ್ತು. ಆದರೆ ಓದಿದವರೆಲ್ಲ ಓದಿಯಾಗಿತ್ತು. ಸುಮ್ನೆ ಅಳಿಸಿದರೆ "ಏನೋ ಜಗಳ ಆಗಿರಬೇಕು" ಅಂತಾರೆ. ಅಮ್ಮ ಅಂದಳು, "ಫೋನ್ ಕೆಳಗಿಡು. ಮೊದಲು ಅವಳ ಮನೆಗೆ ಹೋಗೋಣ."

ಮಾರನೇ ಬೆಳಗ್ಗೆ ಅಮ್ಮ, ನಾನು ಹೋದೆವು. ಅಮ್ಮ ಅಲ್ಲಿ ಕ್ಷಮಿಸಿ ಅಂತೆಲ್ಲ ಏನೂ ಹೇಳಲಿಲ್ಲ. ಹೊಸಿಲ ಮೇಲೆ ಕೂತು, "ಮೂರು ರಾತ್ರಿ ನಿನ್ನ ಕೈ ಊಟ ಮಾಡಿದ್ದೀನಿ, ಯಾರದು ಅಂತ ಗೊತ್ತಿರಲಿಲ್ಲ ಮಗಳೇ" ಅಂದಳು. ಅವರಿಗೆ ಪೋಸ್ಟಿನ ವಿಷಯವೇ ಗೊತ್ತಿರಲಿಲ್ಲ. ನಾವೇ ಹೇಳಿದೆವು, ಹೀಗೆ ತಪ್ಪಾಗಿದೆ ಅಂತ. "ಅದಕ್ಯಾಕ್ರೀ ಅಮ್ಮಾರ, ಇರ್ಲಿ ಬಿಡ್ರಿ" ಅಂದರು. ಯಾಕೆ ಹೇಳದೇ ಹೋದಿರಿ ಅಂತ ಕೇಳಿದೆ. ಊರಿನವರು ಅಡುಗೆ ತರುತ್ತಿದ್ದಾರೆ, ನಮ್ಮ ಕೈಯದ್ದು ಇವರು ಉಣ್ಣುತ್ತಾರೋ ಇಲ್ಲವೋ ಅಂತ ಅನುಮಾನ ಇತ್ತಂತೆ. ಬೆಳಗ್ಗೆ ಬಂದು ನೋಡಿದರೆ ತಪ್ಪಲೆ ಖಾಲಿ ಇರುತ್ತಿತ್ತು, ಸಾಕಾಯ್ತು ಅಂದರು.

ಅವರು ಒಪ್ಪಿದ ಮೇಲೆ ಎರಡೂ ಗ್ರೂಪಿಗೆ ಒಂದು ಸಾಲು ಹೊಸದಾಗಿ ಹಾಕಿದೆವು. "ನಿನ್ನೆ ಬರೆದದ್ದರಲ್ಲಿ ಒಂದು ತಪ್ಪಿದೆ. ರಾತ್ರಿ ಕೂತವರಿಗೆ ಮೂರು ದಿನ ಅನ್ನ ಸಾರು ಬಂದದ್ದು ಗಿರಣಿ ಹಿಂದಿನ ಮನೆಯಿಂದ. ಇದನ್ನು ನಮಗೆ ಹೇಳಿದವರು ಎದುರು ಮನೆಯವರೇ." ಕೊನೆಯ ವಾಕ್ಯ ಸೇರಿಸಿದ್ದು ತಮ್ಮ. ಅದು ಇಲ್ಲದಿದ್ದರೆ ಎದುರು ಮನೆಯವರು ಇಲ್ಲದ ಹೆಸರು ಪಡೆದುಕೊಂಡು ಸುಮ್ಮನಿದ್ದರು ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು.

ಆಗ ನಮಗೆ ಹೊಳೆದದ್ದು, ಊರಲ್ಲಿ ಈ ಪೋಸ್ಟ್ ತಲುಪದವರೇ ಜಾಸ್ತಿ ಕೆಲಸ ಮಾಡಿದ್ದಾರೆ ಅಂತ. ವಯಸ್ಸಾದವರು ಓದುವುದಿಲ್ಲ, ಕೆಲವರ ಹತ್ತಿರ ಬಟನ್ ಫೋನ್. ಅಮ್ಮನ ಧ್ವನಿಯಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸಿದೆವು. ಎರಡು ಸಲ ಅಳು ಬಂದು ನಿಂತಿತು, ಮೂರನೆಯದನ್ನು ಇಟ್ಟುಕೊಂಡೆವು. ಅದನ್ನು ಓದು ಬಾರದ ಅಜ್ಜಿಯರು ಮೊಮ್ಮಕ್ಕಳ ಫೋನಿನಲ್ಲಿ ಹಾಕಿಸಿಕೊಂಡು ಕೇಳಿದರಂತೆ. ಉಳಿದವರ ಮನೆಗೆ ನಡೆದೇ ಹೋಗಬೇಕು.

ಹೋಗಲು ನಮಗೆ ಪಾತ್ರೆಗಳ ನೆಪ ಇತ್ತು. ಸಾಮಾನ್ಯವಾಗಿ ನಮ್ಮಲ್ಲಿ ಬೇರೆಯವರ ಪಾತ್ರೆಯನ್ನು ಬರಿದಾಗಿ ಕೊಡುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಆದರೆ ಸೂತಕದ ಮನೆಯಿಂದ ಏನು ಹಾಕುವುದು? ಅದಕ್ಕೇ ಅಮ್ಮ ತಿಥಿ ಆಗುವ ತನಕ ಒಂದು ಪಾತ್ರೆಯನ್ನೂ ಹೊರಗೆ ಬಿಟ್ಟಿರಲಿಲ್ಲ. ಈಗ ಪ್ರತಿಯೊಂದರಲ್ಲೂ ಎರಡು ತೆಂಗಿನಕಾಯಿ ಇಟ್ಟಳು, ಅಪ್ಪ ಮಲಗಿರುವ ಸಾಲಿನ ಮರದ್ದು. ದಿನಕ್ಕೆ ನಾಲ್ಕು ಮನೆ, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ, ಹೋದ ಕಡೆಯೆಲ್ಲ ಕೂರಿಸಿ ಅಪ್ಪನ ಒಂದು ಕಥೆ ಹೇಳುತ್ತಿದ್ದರು. ಈ ಸಲ ಕೆತ್ತಿದ ಹೆಸರು ನಂಬಲಿಲ್ಲ, ಮೊದಲೇ ಕೇಳಿಕೊಂಡು ಹೋದೆವು. ಒಂದು ಮನೆಯಲ್ಲಿ ಆ ತಿಂಗಳೇ ಮಗಳ ಮದುವೆ ಇತ್ತು. ಚಪ್ಪರ ಹಾಕುವ ಮನೆಗೆ ನಾವು ಈಗ ಹೋಗುವುದು ಬೇಡ ಅಂತ ಅಮ್ಮ ಹಿಂಜರಿದು ತಮ್ಮನ ಕೈಲಿ ಕೊಟ್ಟು ಕಳಿಸಿದಳು. ಅರ್ಧ ಗಂಟೆಗೆ ಆ ಮನೆಯಾಕೆಯೇ ಬಂದು, "ಪಾತ್ರೆ ನೀವು ತಂದುಕೊಡಬೇಕು, ಹುಡುಗನ ಕೈಲಿ ಇಸ್ಕೊಳ್ಳಲ್ಲ" ಅಂತ ತಪ್ಪಲೆಯನ್ನು ವಾಪಸ್ ನಮ್ಮ ಜಗಲಿಯಲ್ಲಿ ಇಟ್ಟು ಹೋದರು. ಅಮ್ಮ ಸೀರೆ ಬದಲಿಸಿ ಹೊರಟಳು.

ಪೋಸ್ಟಿಗೆ ಬಂದ ಉತ್ತರಗಳು ಇನ್ನೂರಕ್ಕೂ ಹೆಚ್ಚು. ಎಲ್ಲದಕ್ಕೂ ಕೈಮುಗಿದ ಚಿತ್ರ ಹಾಕುತ್ತಾ ಕೂರಲಿಲ್ಲ. ಅಪ್ಪನ ಬಗ್ಗೆ ಏನಾದರೂ ಬರೆದಿದ್ದವರಿಗೆ ಮಾತ್ರ ಉತ್ತರಿಸಿದೆವು. ಅದರಲ್ಲಿ ಒಬ್ಬರು, ಹುಬ್ಬಳ್ಳಿಯಲ್ಲಿ ಇರುವವರು, ಕಾಲೇಜಿಗೆ ಹೋಗುವಾಗ ಅಪ್ಪ ತಮಗಾಗಿ ಬಸ್ಸನ್ನು ಎರಡು ನಿಮಿಷ ನಿಲ್ಲಿಸುತ್ತಿದ್ದರು ಅಂತ ಬರೆದಿದ್ದರು. ಅದನ್ನು ಅಮ್ಮನಿಗೆ ಓದಿದೆ. "ಎರಡು ನಿಮಿಷ ಅಲ್ಲ, ಹತ್ತು ನಿಮಿಷ. ಅದಕ್ಕೇ ಮೆಮೋ ಬಂದಿತ್ತು" ಅಂದಳು.

ಹದಿನಾಲ್ಕು ಪಾತ್ರೆಗಳಲ್ಲಿ ಹದಿಮೂರು ಮನೆ ಸೇರಿದವು. ಇನ್ನೊಂದು ಇಲ್ಲೇ ಇದೆ. ಅಂಗೈಯಗಲದ ಸ್ಟೀಲ್ ಡಬ್ಬಿ, ಮುಚ್ಚಳ ಸ್ವಲ್ಪ ನೆಗ್ಗಿದೆ, ಹೆಸರು ಕೆತ್ತಿಲ್ಲ. ಎರಡನೇ ದಿನ ಅದರಲ್ಲಿ ಉಪ್ಪಿನಕಾಯಿ ಬಂದಿತ್ತು, ಹೇರಳೆಕಾಯಿಯದ್ದು. ಬೀದಿಯಲ್ಲಿ ಎಲ್ಲರನ್ನೂ ಕೇಳಿಯಾಯಿತು, ಯಾರೂ ನಮ್ಮದು ಅನ್ನುತ್ತಿಲ್ಲ. ಅಮ್ಮ ಅದರಲ್ಲಿ ಕಾಯಿ ಹಿಡಿಸುವುದಿಲ್ಲ ಅಂತ ಕೊಬ್ಬರಿ ತುರಿದು ಬೆಲ್ಲ ಹಾಕಿ ತುಂಬಿಸಿಟ್ಟಿದ್ದಾಳೆ, ವಾರಕ್ಕೊಮ್ಮೆ ಬದಲಿಸುತ್ತಾಳೆ. ನಿಮ್ಮದಾಗಿದ್ದರೆ ಹೇಳಿ, ತಂದುಕೊಡುತ್ತೇವೆ.